ಏಳು, ಹನ್ನೊಂದು, ಹನ್ನೆರಡೂವರೆ: ಯಾವ ಸಾಲ ಅಗ್ಗ?

ಹೈದರಾಬಾದಿನಲ್ಲಿ ಬಡ್ಡಿಯನ್ನು ಎರಡು ಬಗೆಯಲ್ಲಿ ಹೇಳುತ್ತಾರೆ. ಬ್ಯಾಂಕಿನ ಮೇಜಿನ ಮುಂದೆ ಕೂತರೆ ವರ್ಷಕ್ಕೆ ಶೇಕಡಾ ಇಷ್ಟು ಎನ್ನುತ್ತಾರೆ. ಬೇಗಂ ಬಜಾರಿನ ಗಲ್ಲಿಯಲ್ಲೋ ಅಪಾರ್ಟ್‌ಮೆಂಟಿನ ವಾಚ್‌ಮನ್ ಕೋಣೆಯಲ್ಲೋ ಕೇಳಿದರೆ 'ಎರಡು ರೂಪಾಯಿ', 'ಮೂರು ರೂಪಾಯಿ' ಎಂಬ ಉತ್ತರ ಬರುತ್ತದೆ. ನೂರು ರೂಪಾಯಿಗೆ ತಿಂಗಳಿಗೆ ಎರಡು ರೂಪಾಯಿ ಬಡ್ಡಿ, ಅಂದರೆ ವರ್ಷಕ್ಕೆ ಶೇ 24. ಬೀದರ್, ಕಲಬುರಗಿ, ರಾಯಚೂರಿನವರಿಗೆ ಇದು ಬಿಡಿಸಿ ಹೇಳಬೇಕಾದ ಲೆಕ್ಕವಲ್ಲ. 1956ರವರೆಗೆ ಆ ಜಿಲ್ಲೆಗಳೂ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಗಡಿ ಬದಲಾದರೂ ಬಡ್ಡಿಯ ಮಾತು ಬದಲಾಗಲಿಲ್ಲ.

ಈ ರೂಪಾಯಿ ಬಡ್ಡಿಯ ಬಗ್ಗೆ ಓದಿದವರಿಗೆ ಒಂದಿಷ್ಟು ತಾತ್ಸಾರವಿದೆ. ನನಗಿಲ್ಲ. ಸಾಲಗಳನ್ನು ಹೋಲಿಸುವ ವಿಷಯದಲ್ಲಿ ಅದು ಬಹುಪಾಲು ಜಾಹೀರಾತುಗಳಿಗಿಂತ ಪ್ರಾಮಾಣಿಕ. ಕೈಗೆ ಬಂದ ಹಣವೆಷ್ಟು, ಅದರಲ್ಲಿ ಇನ್ನೂ ಎಷ್ಟು ಬಾಕಿ ಇದೆ, ಆ ಬಾಕಿಗೆ ಈ ತಿಂಗಳು ಎಷ್ಟು ಕೊಡಬೇಕು ಎಂಬಷ್ಟನ್ನೇ ಅದು ಕೇಳುತ್ತದೆ. ಹೋಲಿಕೆಯ ಪಟ್ಟಿ ಕೇಳಬೇಕಾದದ್ದೂ ಅಷ್ಟೇ.

ಗಚ್ಚಿಬೌಲಿಯ ಕಂಪನಿಯೊಂದರಲ್ಲಿ ಕೆಲಸ ಮಾಡುವ, ಬೀದರ್ ಜಿಲ್ಲೆಯ ಔರಾದ್ ಕಡೆಯ ಹುಡುಗನೊಬ್ಬ ಇತ್ತೀಚೆಗೆ ಮೂರು ಸಾಲದ ವಿವರ ಹಿಡಿದು ಬಂದಿದ್ದ. ಊರ ಮನೆಯ ಮಾಳಿಗೆ ತೆಗೆಸಿ ಆರ್‌ಸಿಸಿ ಹಾಕಿಸಬೇಕು, ಮೂರು ಲಕ್ಷ ಬೇಕು, ಮೂರು ವರ್ಷದಲ್ಲಿ ತೀರಿಸುತ್ತೇನೆ ಎಂದ. ಸಂಬಳ ಬರುವ ಬ್ಯಾಂಕು ಶೇ 12.5 ಎಂದಿತ್ತು. ಫೋನಿನ ಆ್ಯಪ್ ಮೂಲಕ ಬಂದ ಫೈನಾನ್ಸ್ ಕಂಪನಿ ಶೇ 11 ಎಂದಿತ್ತು. ಇನ್ನೊಂದು ಫೈನಾನ್ಸ್‌ನ ಏಜೆಂಟ್ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಬಣ್ಣದ ಚೀಟಿಯಲ್ಲಿ ಬರೀ ಶೇ 7 ಎಂದಿತ್ತು.

'ಕಾಕಾ, ಏಳು ಪರ್ಸೆಂಟ್ ಅಂದ್ರ ಛಲೋ ಅದಲ್ರೀ?' ಎಂದ.

'ಛಲೋನೋ ಏನೋ, ಮೊದ್ಲ ಕೈಗೆ ಎಷ್ಟ್ ಬರ್ತದ ಹೇಳು' ಎಂದೆ. ಅದನ್ನು ಅವನು ಯಾರನ್ನೂ ಕೇಳಿರಲಿಲ್ಲ.

ಹೋಲಿಕೆಯ ಪಟ್ಟಿಯನ್ನು ಬಡ್ಡಿ ದರದಿಂದ ಶುರುಮಾಡಿದರೆ ಮೊದಲ ಹೆಜ್ಜೆಯೇ ತಪ್ಪುತ್ತದೆ. ಮೊದಲ ಕಾಲಂ ಯಾವಾಗಲೂ 'ಖಾತೆಗೆ ಬೀಳುವ ಹಣ' ಆಗಿರಬೇಕು. ಮೂರು ಲಕ್ಷ ಮಂಜೂರಾದರೆ ಮೂರು ಲಕ್ಷ ಬರುವುದಿಲ್ಲ. ಪ್ರೊಸೆಸಿಂಗ್ ಫೀ, ಅದರ ಮೇಲೆ ಶೇ 18 ಜಿಎಸ್‌ಟಿ, ಕೆಲವು ಕಡೆ ವಿಮೆಯ ಪ್ರೀಮಿಯಂ, ಎಲ್ಲವನ್ನೂ ಮುರಿದುಕೊಂಡು ಉಳಿದದ್ದು ಬರುತ್ತದೆ. ಬಡ್ಡಿ ಮಾತ್ರ ಪೂರ್ತಿ ಮೂರು ಲಕ್ಷದ ಮೇಲೆ ನಡೆಯುತ್ತದೆ.

ಬ್ಯಾಂಕಿನದು ಶೇ 1 ಫೀ. 3,000 ಮತ್ತು ಜಿಎಸ್‌ಟಿ 540, ಒಟ್ಟು 3,540 ರೂಪಾಯಿ ಹೋಗಿ ಕೈಗೆ 2,96,460. ಆ್ಯಪ್‌ನದು ಶೇ 3 ಫೀ. 9,000ಕ್ಕೆ ಜಿಎಸ್‌ಟಿ 1,620 ಸೇರಿತು. ಜೊತೆಗೆ 'ಸಾಲ ಸುರಕ್ಷಾ' ವಿಮೆ ಎಂದು 7,500. ಒಟ್ಟು 18,120 ಮುರಿದು ಕೈಗೆ ಬರುವುದು 2,81,880. ಏಜೆಂಟನ ಫೈನಾನ್ಸ್ ಶೇ 2 ಫೀ ಮತ್ತು ಜಿಎಸ್‌ಟಿ ಸೇರಿ 7,080 ಮುರಿಯುತ್ತದೆ, ಕೈಗೆ 2,92,920. ಮೇಸ್ತ್ರಿಗೆ ಕೊಡಬೇಕಾದದ್ದು ಮೂರು ಲಕ್ಷವೇ ಆದ್ದರಿಂದ, ಆ್ಯಪ್‌ನವರಿಂದ ಅಷ್ಟು ಕೈಗೆ ಬರಬೇಕಾದರೆ ಸುಮಾರು 3.19 ಲಕ್ಷ ಸಾಲ ಮಾಡಬೇಕಾಗುತ್ತದೆ.

ಎರಡನೆಯ ಕಾಲಂ ತಿಂಗಳ ಕಂತು. ಅದನ್ನು ಮೂವರೂ ಹೇಳಿಯೇ ಇದ್ದರು. ಕಂತು, ತಿಂಗಳುಗಳ ಸಂಖ್ಯೆ, ಕೈಗೆ ಬಂದ ಹಣ ಈ ಮೂರು ಸಿಕ್ಕಿದರೆ ನಿಜವಾದ ದರ ತಾನಾಗಿ ಹೊರಬರುತ್ತದೆ. ಎಕ್ಸೆಲ್ ಅಥವಾ ಗೂಗಲ್ ಶೀಟ್ಸ್ ಇದ್ದವರಿಗೆ ಅದು ಒಂದೇ ಸಾಲಿನ ಕೆಲಸ. ಬ್ಯಾಂಕಿನ ಸಾಲಕ್ಕೆ ಹೀಗೆ ಬರೆಯಬೇಕು:

```
=RATE(36,-10036,296460)*12
```

36 ಕಂತುಗಳು, ತಿಂಗಳಿಗೆ 10,036 ರೂಪಾಯಿ, ಕೈಗೆ ಬಂದದ್ದು 2,96,460. ಕಂತು ನಿಮ್ಮಿಂದ ಹೊರಹೋಗುವ ಹಣವಾದ್ದರಿಂದ ಅದರ ಮೊದಲು ಮೈನಸ್ ಗುರುತು ಬೇಕು. ಮರೆತರೆ ಉತ್ತರವೇ ಬರುವುದಿಲ್ಲ. ಉತ್ತರ 0.1333, ಅಂದರೆ ಶೇ 13.33. ಉಳಿದ ಎರಡಕ್ಕೂ ಹೀಗೇ ಮಾಡಿದಾಗ ಪಟ್ಟಿ ಈ ರೂಪ ತಾಳಿತು.

| | ಬ್ಯಾಂಕ್ | ಆ್ಯಪ್ | ಏಜೆಂಟ್ |
|---|---|---|---|
| ಕೈಗೆ ಬರುವ ಹಣ | 2,96,460 | 2,81,880 | 2,92,920 |
| ತಿಂಗಳ ಕಂತು | 10,036 | 9,822 | 10,083 |
| ಒಟ್ಟು ಬಡ್ಡಿ | 61,296 | 53,592 | 63,000 |
| ಬಡ್ಡಿ + ಮುರಿದ ಹಣ | 64,836 | 71,712 | 70,080 |
| ಹೇಳಿದ ದರ | 12.5% | 11% | 7% |
| ನಿಜ ದರ | 13.33% | 15.37% | 14.50% |
| ರೂಪಾಯಿ ಬಡ್ಡಿ | 1.11 | 1.28 | 1.21 |

ಹೇಳಿದ ದರದ ಸಾಲಿನಲ್ಲಿ ಎಲ್ಲರಿಗಿಂತ ದುಬಾರಿಯಾಗಿ ಕಂಡ ಬ್ಯಾಂಕು ನಿಜ ದರದಲ್ಲಿ ಎಲ್ಲರಿಗಿಂತ ಅಗ್ಗ. ಒಟ್ಟು ಬಡ್ಡಿಯನ್ನಷ್ಟೇ ನೋಡಿದ್ದರೆ ಆ್ಯಪ್ ಗೆಲ್ಲುತ್ತಿತ್ತು, ಏಕೆಂದರೆ ಅದರ ಗಳಿಕೆಯ ಒಂದು ಭಾಗ ಬಡ್ಡಿಯ ಹೆಸರಿನಲ್ಲಿ ಇಲ್ಲವೇ ಇಲ್ಲ. ಕೊನೆಯ ಸಾಲು ನಾನು ಸೇರಿಸಿದ್ದು. ನಿಜ ದರವನ್ನು ಹನ್ನೆರಡರಿಂದ ಭಾಗಿಸಿದರೆ ಬರುವುದೇ ನಮ್ಮ ಗಲ್ಲಿಯ ರೂಪಾಯಿ ಬಡ್ಡಿ. ಹುಡುಗನ ಅಪ್ಪನಿಗೆ ಫೋನಿನಲ್ಲಿ 'ಬ್ಯಾಂಕಿಂದು ರೂಪಾಯಿ ಹನ್ನೊಂದು ಪೈಸೆ, ಆ್ಯಪ್‌ಂದು ರೂಪಾಯಿ ಇಪ್ಪತ್ತೆಂಟು' ಎಂದಾಗ ಅವರಿಗೆ ಮತ್ತೇನೂ ವಿವರಿಸಬೇಕಾಗಲಿಲ್ಲ.

ಏಜೆಂಟನ ಏಳು ಹದಿನಾಲ್ಕೂವರೆ ಆದದ್ದು ಹೇಗೆ? ಅದು ಫ್ಲ್ಯಾಟ್ ದರ. ಮೂರು ಲಕ್ಷಕ್ಕೆ ಶೇ 7ರಂತೆ ವರ್ಷಕ್ಕೆ 21,000, ಮೂರು ವರ್ಷಕ್ಕೆ 63,000. ಅದನ್ನು ಅಸಲಿಗೆ ಕೂಡಿಸಿ 36ರಿಂದ ಭಾಗಿಸಿದ್ದಾರೆ. ಲೆಕ್ಕ ಸರಳ, ಆದರೆ ನೀವು ತಿಂಗಳು ತಿಂಗಳು ಅಸಲನ್ನೂ ತೀರಿಸುತ್ತಿದ್ದೀರಿ ಎಂಬುದನ್ನು ಅದು ಲೆಕ್ಕಕ್ಕೇ ಹಿಡಿಯುವುದಿಲ್ಲ. ಪ್ರತಿ ಕಂತಿನಲ್ಲಿ 8,333 ಅಸಲು, 1,750 ಬಡ್ಡಿ. ಮೂವತ್ತಾರನೆಯ ತಿಂಗಳನ್ನು ನೋಡಿ. ಆಗ ನಿಮ್ಮ ಬಳಿ ಉಳಿದಿರುವ ಸಾಲ 8,333 ರೂಪಾಯಿ ಮಾತ್ರ, ಬಡ್ಡಿ ಮಾತ್ರ ಅದೇ 1,750. ನೂರಕ್ಕೆ ತಿಂಗಳಿಗೆ 21 ರೂಪಾಯಿ ಬಡ್ಡಿ ಎಂದು ಯಾರಾದರೂ ಕೇಳಿದರೆ ಗಲ್ಲಿಯ ಲೇವಾದೇವಿಗಾರನ ಎದುರೂ ಎದ್ದು ಬರುತ್ತೇವೆ. ಇಳಿಯುವ ಬಾಕಿಯ ಮೇಲೆ ಲೆಕ್ಕ ಹಾಕಿದರೆ, ಫೀ ಸೇರಿಸದೆಯೇ, ಈ ಏಳು 12.83 ಆಗುತ್ತದೆ. ಎರಡು ಮೂರು ವರ್ಷದ ತಿಂಗಳ ಕಂತಿನ ಸಾಲಗಳಲ್ಲಿ ಫ್ಲ್ಯಾಟ್ ದರವನ್ನು ಹೆಚ್ಚುಕಡಿಮೆ 1.8ರಿಂದ ಗುಣಿಸಿದರೆ ನಿಜದ ಹತ್ತಿರ ಬರುತ್ತದೆ. ಚೀಟಿ ನೋಡಿದ ಕೂಡಲೇ ಬಾಯಲ್ಲಿ ಹಾಕಬಹುದಾದ ಲೆಕ್ಕ ಅದು.

ಫ್ಲ್ಯಾಟ್ ದರದ ವಿಷಯದಲ್ಲಿ ಹೈದರಾಬಾದಿಗೆ ಒಂದು ಚರಿತ್ರೆಯೇ ಇದೆ. ಭಾರತದ ಮೈಕ್ರೊಫೈನಾನ್ಸ್‌ನ ದೊಡ್ಡ ಕಂಪನಿಗಳಲ್ಲಿ ಹಲವು ಇದೇ ಊರಿನಲ್ಲಿ ಬೆಳೆದವು. ಇಲ್ಲಿನ ಎಸ್‌ಕೆಎಸ್ ಮೈಕ್ರೊಫೈನಾನ್ಸ್ 2010ರಲ್ಲಿ ಷೇರುಪೇಟೆಗೂ ಬಂತು. ಆ ಉದ್ಯಮದಲ್ಲಿ ವಾರದ ಕಂತು, ಫ್ಲ್ಯಾಟ್ ದರ ರೂಢಿಯಾಗಿದ್ದವು. ಹತ್ತು ಸಾವಿರ ಸಾಲ, ವಾರಕ್ಕೆ 225ರಂತೆ 50 ವಾರ ಎಂದುಕೊಳ್ಳಿ. ಒಟ್ಟು ಕಟ್ಟುವುದು 11,250. ಹೇಳುವ ಬಡ್ಡಿ ಹನ್ನೆರಡೂವರೆ. ಮೇಲಿನ ಸೂತ್ರದಲ್ಲಿ 12ರ ಬದಲು 52 ಇಟ್ಟು ನೋಡಿದರೆ ನಿಜ ದರ ಇಪ್ಪತ್ನಾಲ್ಕೂವರೆ ದಾಟುತ್ತದೆ, ಅದೂ ಫೀ ಮತ್ತು ವಿಮೆ ಸೇರುವ ಮುಂಚೆ. ಒಂದೇ ಮನೆಯ ಹೆಂಗಸು ಮೂರ್ನಾಲ್ಕು ಕಂಪನಿಗಳ ಸಾಲದ ಕಾರ್ಡು ಇಟ್ಟುಕೊಂಡು ಯಾವುದು ದುಬಾರಿ ಎಂದು ತಿಳಿಯದೆ ಕಟ್ಟುತ್ತಿದ್ದ ಕಾಲ ಅದು. 2010ರ ಅಕ್ಟೋಬರ್‌ನಲ್ಲಿ ಅಂದಿನ ಆಂಧ್ರಪ್ರದೇಶ ಸರ್ಕಾರ ಸುಗ್ರೀವಾಜ್ಞೆ ತಂದಿತು. ಕಚೇರಿಯಲ್ಲಿ ಬಡ್ಡಿ ದರವನ್ನು ಎದ್ದುಕಾಣುವಂತೆ ಬರೆದು ಹಾಕಬೇಕು, ಬಡ್ಡಿಯ ಮೊತ್ತ ಅಸಲನ್ನು ಮೀರಬಾರದು ಎಂಬುವು ಅದರ ಷರತ್ತುಗಳಲ್ಲಿ ಸೇರಿದ್ದವು. ಮಾರನೆಯ ವರ್ಷದ ಜನವರಿಯಲ್ಲಿ ವರದಿ ಕೊಟ್ಟ ಆರ್‌ಬಿಐನ ಮಾಲೆಗಾಂ ಸಮಿತಿ, ಮೈಕ್ರೊ ಸಾಲದ ಬೆಲೆಯಲ್ಲಿ ಬಡ್ಡಿ, ಪ್ರೊಸೆಸಿಂಗ್ ಫೀ, ವಿಮೆ ಈ ಮೂರನ್ನು ಬಿಟ್ಟು ನಾಲ್ಕನೆಯದು ಇರಬಾರದು ಎಂದಿತು. ಮೂರೇ ಕಾಲಂ ಇದ್ದರೆ ಯಾರು ಬೇಕಾದರೂ ಹೋಲಿಸಬಹುದು ಎಂಬುದು ಅದರ ಹಿಂದಿನ ವಿಚಾರ.

ಇನ್ನೊಂದು ಪಾಠವೂ ಇದೇ ಊರಿನಿಂದ ಬಂತು. 2020ರ ಡಿಸೆಂಬರ್‌ನಲ್ಲಿ ಹೈದರಾಬಾದ್ ಮತ್ತು ಸೈಬರಾಬಾದ್ ಪೊಲೀಸರು ದಿಢೀರ್ ಸಾಲದ ಆ್ಯಪ್‌ಗಳ ಕಾಲ್ ಸೆಂಟರ್‌ಗಳ ಮೇಲೆ ದಾಳಿ ಮಾಡಿದರು. ಐದು ಸಾವಿರ ಕೇಳಿದವನ ಖಾತೆಗೆ ಮೂರೂವರೆ ಸಾವಿರ ಹಾಕಿ, ಏಳು ದಿನಕ್ಕೆ ಐದು ಸಾವಿರ ವಾಪಸು ಕೇಳುವುದು ಅಂಥ ವ್ಯವಹಾರದ ನಮೂನೆ. ರೂಪಾಯಿ ಬಡ್ಡಿಯಲ್ಲಿ ಹೇಳಿದರೆ ನೂರಕ್ಕೆ ತಿಂಗಳಿಗೆ ಸುಮಾರು 184 ರೂಪಾಯಿ. ಆ್ಯಪ್‌ನಲ್ಲಿ ಮಾತ್ರ ಬಡ್ಡಿಯ ಅಂಕಿ ಚಿಕ್ಕದೇ ಇರುತ್ತದೆ. ಉಳಿದದ್ದೆಲ್ಲ 'ಸರ್ವಿಸ್ ಚಾರ್ಜ್'. ಮರುತಿಂಗಳೇ ಆರ್‌ಬಿಐ ಕಾರ್ಯತಂಡ ರಚಿಸಿತು. 2022ರ ಸೆಪ್ಟೆಂಬರ್‌ನಲ್ಲಿ ಡಿಜಿಟಲ್ ಸಾಲಗಳಿಗೆ ಮಾರ್ಗಸೂಚಿ ಬಂತು.

ಈಗ ಇವೆಲ್ಲ ಕೂಡಿ ಒಂದು ಕಾಗದದಲ್ಲಿ ಬಂದು ನಿಂತಿವೆ. ಅದರ ಹೆಸರು ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್, ಬ್ಯಾಂಕಿನವರ ಬಾಯಲ್ಲಿ ಕೆಎಫ್‌ಎಸ್. 2024ರ ಏಪ್ರಿಲ್ 15ರ ಆರ್‌ಬಿಐ ಸುತ್ತೋಲೆಯ ಪ್ರಕಾರ, ಆ ವರ್ಷದ ಅಕ್ಟೋಬರ್ 1ರಿಂದ ಬ್ಯಾಂಕು, ಫೈನಾನ್ಸ್ ಕಂಪನಿಗಳು ಕೊಡುವ ಎಲ್ಲ ಹೊಸ ರಿಟೇಲ್ ಸಾಲಗಳಿಗೆ, ಸಣ್ಣ ಉದ್ಯಮಗಳ ಅವಧಿ ಸಾಲಗಳಿಗೆ, ಸಹಿ ಹಾಕಿಸುವ ಮುಂಚೆ ಇದನ್ನು ಕೊಡಲೇಬೇಕು. ಅದರಲ್ಲಿ ಎಪಿಆರ್ ಎಂಬ ವಾರ್ಷಿಕ ದರವಿರುತ್ತದೆ. ನಾನು ಮೇಲೆ 'ನಿಜ ದರ' ಎಂದದ್ದು ಅದನ್ನೇ. ಸಾಲ ಕೊಡುವವರ ಫೀ ಮಾತ್ರವಲ್ಲ, ವಿಮೆ, ಕಾನೂನು ಖರ್ಚು ಎಂದು ಬೇರೆಯವರ ಪರವಾಗಿ ವಸೂಲು ಮಾಡುವ ಹಣವೂ ಅದರ ಲೆಕ್ಕದೊಳಗೆ ಬರಬೇಕು. ಸುತ್ತೋಲೆಯಲ್ಲೇ ಒಂದು ಮಾದರಿ ಇದೆ: 20,000 ಸಾಲ, 24 ಕಂತು, ಶೇ 15 ಬಡ್ಡಿ, ಶುಲ್ಕಗಳೆಲ್ಲ ಸೇರಿ 400 ರೂಪಾಯಿ, ಎಪಿಆರ್ 17.07. ಬರೀ ನಾನೂರು ರೂಪಾಯಿ ದರವನ್ನು ಎರಡು ಅಂಶದಷ್ಟು ಮೇಲೆತ್ತಿತು. ಕಾಗದದಲ್ಲಿ ಕಾಣಿಸದ ಯಾವ ಶುಲ್ಕವನ್ನೂ ಸಾಲಗಾರನ ಸ್ಪಷ್ಟ ಒಪ್ಪಿಗೆಯಿಲ್ಲದೆ ಆಮೇಲೆ ಹಾಕುವಂತಿಲ್ಲ. ಕ್ರೆಡಿಟ್ ಕಾರ್ಡ್ ಬಾಕಿಗೆ ಮಾತ್ರ ಈ ನಿಯಮವಿಲ್ಲ.

ಆದ್ದರಿಂದ ಏಜೆಂಟನ ಚೀಟಿ, ಆ್ಯಪ್‌ನ ಮೊದಲ ಪರದೆ, ಮ್ಯಾನೇಜರರ ಬಾಯಿಮಾತು ಇವು ಯಾವುವನ್ನೂ ಪಟ್ಟಿಗೆ ಇಳಿಸಬೇಡಿ. ಮೂರೂ ಕಡೆಯಿಂದ ಕೆಎಫ್‌ಎಸ್ ಬಂದ ಮೇಲೆ ಕೂತುಕೊಳ್ಳಿ. ಅದರ ಷರತ್ತುಗಳು ಕನಿಷ್ಠ ಮೂರು ಕೆಲಸದ ದಿನ ಹಾಗೆಯೇ ನಿಲ್ಲಬೇಕು ಎಂದು ನಿಯಮವಿದೆ, ಹಾಗಾಗಿ ಮೂರನ್ನೂ ಒಂದೇ ವಾರದಲ್ಲಿ ತರಿಸಿಕೊಳ್ಳುವುದು ಒಳ್ಳೆಯದು. ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ ಅದು ಇರಬೇಕು, ಬಾಯಿಬಿಟ್ಟು ವಿವರಿಸಬೇಕು ಎಂದೂ ಇದೆ. ಕಾಚಿಗುಡದಲ್ಲೋ ಜಹೀರಾಬಾದಿನಲ್ಲೋ ಇರುವ, ಕನ್ನಡ ಮಾತ್ರ ಓದಬಲ್ಲವರು ಇದನ್ನು ಕೇಳುವುದರಲ್ಲಿ ತಪ್ಪೇನೂ ಇಲ್ಲ. ಕೊನೇಪಕ್ಷ ಪ್ರತಿ ಸಾಲನ್ನೂ ಓದಿ ಹೇಳಿ ಎಂದು ಕೂತುಬಿಡಬಹುದು.

ಹುಡುಗನ ಕೈಗೆ ಆ್ಯಪ್‌ನ ಕೆಎಫ್‌ಎಸ್ ಬಂದಾಗ ಅದರಲ್ಲೂ 15.37 ಎಂದೇ ಇತ್ತು. ಲೆಕ್ಕ ತಾಳೆಯಾಯಿತು. ಆದರೆ ಆ ಕಾಗದದ ಉಪಯೋಗ ಅಲ್ಲಿಗೆ ಮುಗಿಯುವುದಿಲ್ಲ. ಯಾವ ಖರ್ಚು ದರವನ್ನು ಎಷ್ಟು ಮೇಲೆತ್ತುತ್ತಿದೆ ಎಂಬುದನ್ನು ಒಂದೊಂದಾಗಿ ತೆಗೆದು ನೋಡಬಹುದು. ವಿಮೆಯ 7,500 ತೆಗೆದು ಸೂತ್ರದಲ್ಲಿ 2,81,880ರ ಬದಲು 2,89,380 ಹಾಕಿದೆವು. ದರ 13.51ಕ್ಕೆ ಇಳಿಯಿತು. ಹೆಚ್ಚುಕಡಿಮೆ ಎರಡು ಅಂಶದ ಭಾರ ಆ ಒಂದು ವಿಮೆಯದು. ಇನ್ನು ಫೀಯನ್ನು ಶೇ 3ರಿಂದ 2ಕ್ಕೆ ಇಳಿಸಿದರೆ? 12.66. ಈಗ ಬ್ಯಾಂಕಿಗಿಂತಲೂ ಅಗ್ಗ.

ಸಾಲ ಕೇಳುವಾಗ ಚೌಕಾಶಿ ಮಾಡಬೇಕೆಂದು ಎಲ್ಲರಿಗೂ ಗೊತ್ತು, ಎಲ್ಲಿ ಮಾಡಬೇಕೆಂದು ಗೊತ್ತಿರುವುದಿಲ್ಲ. ಜನ ಬಡ್ಡಿಯಲ್ಲಿ ಕಾಲು ಪರ್ಸೆಂಟ್ ಇಳಿಸಿ ಎಂದು ಗೋಗರೆಯುತ್ತಾರೆ. ಬಡ್ಡಿ ದರ ನಿಮ್ಮ ಕ್ರೆಡಿಟ್ ಸ್ಕೋರ್ ನೋಡಿ ಕಂಪ್ಯೂಟರಿನಿಂದ ಬಂದಿರುತ್ತದೆ. ಶಾಖೆಯವರು ಅದನ್ನು ಮುಟ್ಟುವುದು ಕಷ್ಟ. ಫೀ ಮತ್ತು ವಿಮೆಯಲ್ಲಿ ಬಗ್ಗುವ ಜಾಗ ಹೆಚ್ಚು. ಸಾಲದ ವಿಮೆ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ. ಮನೆಯಲ್ಲಿ ದುಡಿಯುವವನು ಒಬ್ಬನೇ ಆಗಿದ್ದರೆ ಅದು ಬೇಕಾಗಬಹುದು. ಆದರೆ ಈ ಹುಡುಗನಿಗೆ ಬೇರೆ ಟರ್ಮ್ ಪಾಲಿಸಿ ಇತ್ತು, ಮತ್ತು ಆ್ಯಪ್‌ನಲ್ಲಿ ವಿಮೆಯ ಚೌಕದಲ್ಲಿ ಟಿಕ್ ಗುರುತು ಅವನು ಹಾಕುವ ಮೊದಲೇ ಬಿದ್ದಿತ್ತು.

ಎಪಿಆರ್ ಒಂದನ್ನೇ ನಂಬಿ ಪಟ್ಟಿ ಮಡಚಿಟ್ಟರೂ ಆಗದು. ಬ್ಯಾಂಕಿನವರು ಅವನಿಗೆ ಇನ್ನೊಂದು ಆಸೆ ತೋರಿಸಿದ್ದರು: ಮೂರು ವರ್ಷ ಬೇಡ, ಐದು ವರ್ಷ ಮಾಡಿಕೊಳ್ಳಿ, ಕಂತು 10,036ರಿಂದ 6,749ಕ್ಕೆ ಇಳಿಯುತ್ತದೆ. ಅದೇ ಶೇ 12.5, ಅದೇ ಫೀ. ಎಪಿಆರ್ ಹಾಕಿ ನೋಡಿದರೆ 13.33 ಇದ್ದದ್ದು 13.02 ಆಯಿತು. ದರ ಕಡಿಮೆಯಾಯಿತು! ಒಟ್ಟು ಬಡ್ಡಿಯ ಸಾಲಿಗೆ ಬಂದರೆ 61,296 ಇದ್ದದ್ದು 1,04,940. ಎರಡೂ ಸರಿಯಾದ ಲೆಕ್ಕಗಳೇ. 3,540 ರೂಪಾಯಿ ಫೀ ಐದು ವರ್ಷಕ್ಕೆ ಹರಡಿಕೊಂಡಿದ್ದರಿಂದ ವರ್ಷದ ದರ ಇಳಿಯಿತು. ಹಣವನ್ನು ಹೆಚ್ಚು ಕಾಲ ಇಟ್ಟುಕೊಂಡಿದ್ದರಿಂದ ಒಟ್ಟು ಬಡ್ಡಿ ಏರಿತು. ಅವಧಿ ಒಂದೇ ಇರುವ ಸಾಲಗಳನ್ನು ಹೋಲಿಸಲು ಎಪಿಆರ್ ಬೇಕು. ಎಷ್ಟು ವರ್ಷಕ್ಕೆ ಮಾಡಿಕೊಳ್ಳಲಿ ಎಂಬ ಪ್ರಶ್ನೆಗೆ ಅದು ಉತ್ತರ ಹೇಳಲಾರದು. ಅದಕ್ಕೆ ಒಟ್ಟು ಬಡ್ಡಿಯ ಸಾಲನ್ನೂ ಸಂಬಳದಲ್ಲಿ ತಿಂಗಳಿಗೆ ಉಳಿಯುವ ಹಣವನ್ನೂ ಎದುರುಬದುರು ಇಟ್ಟು ನೋಡಬೇಕು. ಮೂರು ವರ್ಷದ ಕಂತನ್ನು ನಿಭಾಯಿಸಬಲ್ಲವನಿಗೆ ಐದು ವರ್ಷ ಮಾಡಿಸುವುದರಲ್ಲಿ ಲಾಭ ಯಾರಿಗೆಂದು ಆ 43 ಸಾವಿರದ ವ್ಯತ್ಯಾಸವೇ ಹೇಳುತ್ತದೆ.

ಇನ್ನೊಂದು ಸಾಲು ಬಾಕಿ ಇದೆ, ಅದನ್ನು ಸಾಲದಾತರ ಪಟ್ಟಿಗಳು ಸಾಮಾನ್ಯವಾಗಿ ಹಾಕುವುದಿಲ್ಲ: ನಡುವೆಯೇ ತೀರಿಸಿದರೆ ಏನಾಗುತ್ತದೆ? ಹುಡುಗನ ಅಪ್ಪ ಒಂದು ಎಕರೆ ಮಾರುವ ಮಾತಿನಲ್ಲಿದ್ದರು. ವ್ಯವಹಾರ ಕುದುರಿದರೆ ವರ್ಷದೊಳಗೆ ಸಾಲ ಮುಗಿಸುವ ಆಸೆ ಅವನದು. ಮೂರು ವರ್ಷಕ್ಕೆಂದು ಕಟ್ಟಿದ ಫೀ ಆಗ ಒಂದೇ ವರ್ಷದ ಮೇಲೆ ಬೀಳುತ್ತದೆ. ಫೀ ಹೆಚ್ಚಿರುವ ಸಾಲಕ್ಕೆ ಪೆಟ್ಟು ಜಾಸ್ತಿ. ಆ್ಯಪ್‌ನವರು ಮುಂಚೆ ತೀರಿಸಿದರೆ ದಂಡವಿಲ್ಲ ಎಂದು ದೊಡ್ಡಕ್ಷರದಲ್ಲಿ ಹೇಳಿದ್ದರು. ಬ್ಯಾಂಕು ಬಾಕಿ ಅಸಲಿನ ಮೇಲೆ ಶೇ 2 ಮತ್ತು ಜಿಎಸ್‌ಟಿ ಕೇಳಿತ್ತು. ಹನ್ನೆರಡು ಕಂತು ಕಟ್ಟಿ ಮುಗಿಸಿದರೆ ಬ್ಯಾಂಕಿನಲ್ಲಿ ಉಳಿಯುವ ಅಸಲು ಸುಮಾರು 2,12,144, ಅದರ ಮೇಲಿನ ದಂಡ ಸುಮಾರು 5,007. ದಂಡವಿದ್ದೂ ಬ್ಯಾಂಕಿನ ಸಾಲ ಆ ಒಂದು ವರ್ಷಕ್ಕೆ ಬೀಳುವುದು 41,123 ರೂಪಾಯಿಗೆ, ದರ ಸುಮಾರು ಶೇ 15.75. ದಂಡವಿಲ್ಲದ ಆ್ಯಪ್‌ನ ಮೊದಲ ಸಾಲ 46,721ಕ್ಕೆ, ದರ ಸುಮಾರು ಶೇ 18.7. ಫೀ ಇಳಿಸಿ ವಿಮೆ ತೆಗೆದ ಆ್ಯಪ್ ಸಾಲವಾದರೆ 35,681, ಸುಮಾರು ಶೇ 13.9. ದಂಡವಿಲ್ಲ ಎಂಬ ಮಾತು ಕೇಳಲು ಚೆಂದ. ಆ ದಂಡವನ್ನು ಮೊದಲ ದಿನವೇ ಫೀ ರೂಪದಲ್ಲಿ ತೆಗೆದುಕೊಂಡಿದ್ದರೆ ಅದರಲ್ಲಿ ಔದಾರ್ಯವೇನೂ ಇಲ್ಲ.

ಈ ದಂಡದ ಬಗ್ಗೆ ನಿಯಮವೂ ಬದಲಾಗಿದೆ. 2026ರ ಜನವರಿ 1ರಿಂದ ಮಂಜೂರಾಗುವ, ವ್ಯಾಪಾರದ ಉದ್ದೇಶವಲ್ಲದೆ ವ್ಯಕ್ತಿಗಳು ಪಡೆದ ಫ್ಲೋಟಿಂಗ್ ದರದ ಸಾಲಗಳನ್ನು ಮುಂಚೆ ತೀರಿಸಿದರೆ ಬ್ಯಾಂಕಾಗಲಿ ಫೈನಾನ್ಸ್ ಕಂಪನಿಯಾಗಲಿ ಶುಲ್ಕ ಹಾಕುವಂತಿಲ್ಲ. ಗೃಹಸಾಲ ಸಾಮಾನ್ಯವಾಗಿ ಫ್ಲೋಟಿಂಗ್. ಪರ್ಸನಲ್ ಲೋನ್ ಹೆಚ್ಚಾಗಿ ಸ್ಥಿರ ದರದ್ದು, ಹಾಗಾಗಿ ಈ ರಕ್ಷಣೆ ಅದಕ್ಕೆ ಸಿಗುವುದಿಲ್ಲ. ಕಾಗದದಲ್ಲಿ ಯಾವುದೆಂದು ಬರೆದಿದೆ ನೋಡಿಕೊಳ್ಳಬೇಕು.

ಆ್ಯಪ್‌ಗಳೇ ಈಗ ಹೋಲಿಕೆ ತೋರಿಸುತ್ತವಲ್ಲ, ಇಷ್ಟೆಲ್ಲ ಏಕೆ ಎಂದು ಕೇಳಬಹುದು. ತೋರಿಸಬೇಕು, ನಿಜ. 2025ರ ಮೇ ತಿಂಗಳ ಆರ್‌ಬಿಐ ಡಿಜಿಟಲ್ ಸಾಲದ ನಿರ್ದೇಶನಗಳ ಪ್ರಕಾರ, ಹಲವು ಸಾಲದಾತರ ಪರವಾಗಿ ಕೆಲಸ ಮಾಡುವ ಆ್ಯಪ್, ನಿಮ್ಮ ಕೋರಿಕೆಗೆ ಹೊಂದುವ ಎಲ್ಲರ ಸಾಲವನ್ನೂ ಹೆಸರು, ಮೊತ್ತ, ಅವಧಿ, ಎಪಿಆರ್, ತಿಂಗಳ ಕಂತಿನ ಸಮೇತ ಒಟ್ಟಿಗೆ ಕಾಣಿಸಬೇಕು. ಒಬ್ಬರ ಕಡೆಗೆ ನಿಮ್ಮನ್ನು ತಳ್ಳುವ ಕಣ್ಕಟ್ಟು ಮಾಡಬಾರದು. 2025ರ ನವೆಂಬರ್ 1ರಿಂದ ಇದು ಜಾರಿಯಲ್ಲಿದೆ. ಒಳ್ಳೆಯ ನಿಯಮ. ಆದರೆ ಆ ಪಟ್ಟಿಯಲ್ಲಿರುವುದು ಆ್ಯಪ್ ಜೊತೆ ಒಪ್ಪಂದ ಮಾಡಿಕೊಂಡವರು ಮಾತ್ರ. ನಿಮ್ಮ ಸಂಬಳದ ಬ್ಯಾಂಕು, ನೌಕರರ ಸಹಕಾರ ಸಂಘ ಅದರಲ್ಲಿ ಇಲ್ಲದಿರಬಹುದು. ಅಪ್ಪ ಜಮೀನು ಮಾರಿದರೆ ಎಂಬ ಸಾಲೂ ಇರುವುದಿಲ್ಲ.

ಸ್ವಂತ ಪಟ್ಟಿ ಮಾಡುವವರಿಗೆ ಒಂದು ಎಚ್ಚರಿಕೆ. ಎಕ್ಸೆಲ್‌ನಲ್ಲಿ ಇದೇ ಲೆಕ್ಕಕ್ಕೆ XIRR ಎಂಬ ಇನ್ನೊಂದು ಸೂತ್ರವಿದೆ, ಷೇರು ಹೂಡಿಕೆಯವರಿಗೆ ಅದರ ಮೇಲೆ ಪ್ರೀತಿ. ಅದು ಬಡ್ಡಿಗೆ ಬಡ್ಡಿ ಸೇರಿಸಿ ವರ್ಷದ ದರ ಹೇಳುತ್ತದೆ, ಆದ್ದರಿಂದ ಅಂಕಿ ದೊಡ್ಡದಾಗಿ ಬರುತ್ತದೆ: ಬ್ಯಾಂಕಿನ 13.33 ಅದರಲ್ಲಿ ಹೆಚ್ಚುಕಡಿಮೆ 14.2 ಆಗುತ್ತದೆ, ಆ್ಯಪ್‌ನ 15.37 ಹದಿನಾರೂವರೆ. ಆರ್‌ಬಿಐ ಮಾದರಿಯ ಎಪಿಆರ್ ತಿಂಗಳ ದರವನ್ನು ಹನ್ನೆರಡರಿಂದ ಗುಣಿಸಿದ್ದು, ಅಂದರೆ RATE ಸೂತ್ರದ್ದು. ಒಂದು ಸಾಲಕ್ಕೆ ಅದು, ಇನ್ನೊಂದಕ್ಕೆ ಇದು ಹಾಕಿ ಹೋಲಿಸಿದರೆ ಪಟ್ಟಿ ಕೆಡುತ್ತದೆ. ನಿಮ್ಮ ಲೆಕ್ಕವೂ ಕೆಎಫ್‌ಎಸ್‌ನ ಅಂಕಿಯೂ ಅರ್ಧ ಅಂಶಕ್ಕಿಂತ ಹೆಚ್ಚು ಬೇರೆಯಾದರೆ ಮೊದಲು ಸೂತ್ರ ನೋಡಿಕೊಳ್ಳಿ. ಸೂತ್ರ ಸರಿಯಿದ್ದರೆ ಕೆಎಫ್‌ಎಸ್ ಜೊತೆ ಕೊಡಲೇಬೇಕಾದ ಎರಡು ಹಾಳೆಗಳನ್ನು ತೆಗೆಯಿರಿ: ಎಪಿಆರ್ ಲೆಕ್ಕದ ಹಾಳೆ, ತಿಂಗಳುವಾರು ಕಂತಿನ ಹಾಳೆ. ಕಂತಿನ ಹಾಳೆಯಲ್ಲಿ ಬಡ್ಡಿ ತಿಂಗಳಿಂದ ತಿಂಗಳಿಗೆ ಇಳಿಯುತ್ತಾ ಹೋಗಿದ್ದರೆ ಸರಿ. ಮೊದಲ ತಿಂಗಳಿಂದ ಕೊನೆಯವರೆಗೆ 1,750, 1,750 ಎಂದೇ ಇದ್ದರೆ ಅದು ಫ್ಲ್ಯಾಟ್.

ಹುಡುಗ ಪಟ್ಟಿ ಹಿಡಿದು ಆ್ಯಪ್‌ನ ಸಹಾಯವಾಣಿಗೆ ಫೋನ್ ಮಾಡಿದ. ವಿಮೆ ಬೇಡ ಎಂದದ್ದಕ್ಕೆ ಎರಡು ಸಲ ಬೇರೆಯವರಿಗೆ ಕೊಟ್ಟರು, ಮೂರನೆಯವರು ತೆಗೆದರು. ಫೀ ಇಳಿಸಲು ಬ್ಯಾಂಕಿನ ಕೆಎಫ್‌ಎಸ್‌ನ ಫೋಟೊ ಕೇಳಿದರು, ಕಳಿಸಿದ. ಮಾರನೆಯ ದಿನ ಹೊಸ ಕೆಎಫ್‌ಎಸ್ ಬಂತು, ಎಪಿಆರ್ 12.66. ಅವನು ಅದಕ್ಕೆ ಒಪ್ಪಿಗೆ ಕೊಟ್ಟ.

ಖಾತೆಗೆ 2,92,920 ಬಿದ್ದ ಸಂದೇಶ ಬಂದ ಮೇಲೂ ಒಂದು ಕೆಲಸ ಉಳಿದಿತ್ತು. ಆ ಅಂಕಿ ಕೆಎಫ್‌ಎಸ್‌ನಲ್ಲಿರುವ ನಿವ್ವಳ ಮೊತ್ತಕ್ಕೆ ಸರಿಯಾಗಿದೆಯೇ, ಬಡ್ಡಿ ಶುರುವಾದ ತಾರೀಖು ಹಣ ಬಿದ್ದ ತಾರೀಖೇ ಹೌದೇ ಎಂದು ನೋಡಬೇಕು. ಮಂಜೂರಾದ ದಿನದಿಂದಲೋ, ಹಣ ಬರುವ ಮುಂಚಿನ ದಿನಗಳಿಗೂ ಸೇರಿಸಿಯೋ ಬಡ್ಡಿ ಹಾಕುವುದನ್ನು 2024ರ ಏಪ್ರಿಲ್ 29ರ ಸುತ್ತೋಲೆಯಲ್ಲಿ ಆರ್‌ಬಿಐ ತಪ್ಪೆಂದು ಹೇಳಿದೆ. ವ್ಯತ್ಯಾಸ ಕಂಡರೆ ಮೊದಲು ಕಂಪನಿಯ ದೂರು ಅಧಿಕಾರಿಗೆ ಲಿಖಿತವಾಗಿ ಬರೆಯಬೇಕು. ಅವರ ಹೆಸರು, ಫೋನ್ ನಂಬರು ಕೆಎಫ್‌ಎಸ್‌ನಲ್ಲೇ ಇರುತ್ತದೆ. ಮೂವತ್ತು ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ cms.rbi.org.in ತಾಣದಲ್ಲಿ ಆರ್‌ಬಿಐ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಅದಕ್ಕೆ ಶುಲ್ಕವಿಲ್ಲ. ದೂರಿಗೆ ಲಗತ್ತಿಸಬೇಕಾದದ್ದು ಕೆಎಫ್‌ಎಸ್, ಹಣ ಬಿದ್ದ ದಿನದ ಪಾಸ್‌ಬುಕ್ ಹಾಳೆ, ಕಂಪನಿಗೆ ಬರೆದ ಪತ್ರ. ಈ ಹುಡುಗನ ವಿಷಯದಲ್ಲಿ ತಾರೀಖೂ ಅಂಕಿಯೂ ತಾಳೆಯಾದವು. ಸ್ಲ್ಯಾಬ್ ಹಾಕುವ ದಿನ ಗೊತ್ತಾಗಿದೆ, ಜಮೀನಿನ ಮಾತು ಇನ್ನೂ ಕುದುರಿಲ್ಲ.